ಸಹಾಯ ಬೇಕು: ಎನ್‌ಆರ್‌ಇ ಎಫ್‌ಡಿನಾ, ಎಫ್‌ಸಿಎನ್‌ಆರ್ ಆ?

ನಮಸ್ಕಾರ. ಊರು ಉಡುಪಿ ಹತ್ತಿರ. ದುಬೈಗೆ ಬಂದು 11 ವರ್ಷ ಆಯಿತು, ಇನ್ನೆರಡು ವರ್ಷದಲ್ಲಿ ವಾಪಸ್ ಬರಬೇಕು ಅಂತಿದ್ದೇನೆ. ಕೈಯಲ್ಲಿ 1 ಲಕ್ಷ ದಿರ್ಹಮ್ ಉಳಿತಾಯ ಇದೆ. ಡಾಲರ್ ಲೆಕ್ಕದಲ್ಲಿ ಸುಮಾರು 27,200.

ಬ್ಯಾಂಕಿನವರು ಮೂರು ವರ್ಷಕ್ಕೆ, ರೂಪಾಯಿಗೆ ಬದಲಿಸಿ ಇಡುವ ಎನ್‌ಆರ್‌ಇ ಎಫ್‌ಡಿಗೆ 6.5% ಹೇಳಿದ್ದಾರೆ, ಡಾಲರ್‌ನಲ್ಲೇ ಇಡುವ ಎಫ್‌ಸಿಎನ್‌ಆರ್ ಠೇವಣಿಗೆ 4.25%. ವ್ಯತ್ಯಾಸ 2.25%. ರೂಪಾಯಿ ವರ್ಷಕ್ಕೆ ಅದಕ್ಕಿಂತ ಜಾಸ್ತಿ ಬಿದ್ದರೆ ಎಫ್‌ಸಿಎನ್‌ಆರ್ ಲಾಭ, ಅಲ್ವಾ? 2020ರಲ್ಲಿ ದಿರ್ಹಮ್‌ಗೆ 20 ರೂಪಾಯಿ ಹತ್ತಿರ ಇತ್ತು, ಈಗ 23 ದಾಟಿದೆ. ಹಾಗಾಗಿಯೇ ಯೋಚನೆ. ಆದರೆ ಮುಂದೆಯೂ ಹೀಗೇ ಬೀಳುತ್ತದೆ ಅಂತ ನಂಬಿ ಕೂರಲು ಭಯ. ನಾಳೆ ಮನೆ ಕಟ್ಟುವ ಖರ್ಚೆಲ್ಲ ರೂಪಾಯಿಯಲ್ಲೇ ತಾನೇ.

ಇಲ್ಲಿರುವವರೆಗೆ ಎರಡರ ಬಡ್ಡಿಗೂ ಭಾರತದಲ್ಲಿ ತೆರಿಗೆ ಇಲ್ಲ. ಊರಿಗೆ ಬಂದು ನೆಲೆಸಿದ ಮೇಲೆ ಎನ್‌ಆರ್‌ಇ ಬಡ್ಡಿಗೆ ತೆರಿಗೆ ಬೀಳುತ್ತದೆ. ಎಫ್‌ಸಿಎನ್‌ಆರ್ ಅವಧಿ ಮುಗಿಯುವವರೆಗೆ ಇಡಬಹುದು, ವಾಪಸ್ ಬಂದವರಿಗೆ ಮೊದಲ ಒಂದೆರಡು ವರ್ಷ ತೆರಿಗೆ ಲೆಕ್ಕದಲ್ಲಿ ಸಿಗುವ ಆರ್‌ಎನ್‌ಒಆರ್ ಸ್ಥಾನ ಇರುವಷ್ಟು ಕಾಲ ಬಡ್ಡಿಗೆ ತೆರಿಗೆ ಇಲ್ಲ ಎಂದು ತಿಳಿದಿದ್ದೇನೆ.

ಹೀಗೆ ವಾಪಸ್ ಬಂದವರು ಯಾರಾದರೂ ಇದ್ದೀರಾ? ಊರಿಗೆ ಬಂದ ಮೇಲೆ ಉಳಿದ ಎಫ್‌ಸಿಎನ್‌ಆರ್ ಅವಧಿಯಲ್ಲಿ ಬ್ಯಾಂಕ್ ಟಿಡಿಎಸ್ ಹಿಡಿಯಿತಾ? ಆರ್‌ಎನ್‌ಒಆರ್ ಎಂದು ತೋರಿಸಲು ಏನು ಕಾಗದ ಕೊಟ್ಟಿರಿ? ಪಾಸ್‌ಪೋರ್ಟ್ ಮುದ್ರೆಗಳು ಸಾಕಾದವಾ? ಮುಂದಿನ ತಿಂಗಳೊಳಗೆ ಹಣ ಕಳಿಸಬೇಕು, ದಯವಿಟ್ಟು ತಿಳಿಸಿ.