ಪ್ರಶ್ನೋತ್ತರ: ಶಟಲ್ ಗೆಳೆಯನ ಹತ್ತಿರ ಮನಸ್ಸಿನ ಮಾತು ಎಷ್ಟು, ಯಾವಾಗ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಬ್ಯಾಂಕ್ ಕೆಲಸ. ವರ್ಗವಾಗಿ ಹುಬ್ಬಳ್ಳಿಗೆ ಬಂದು ವರ್ಷದ ಮೇಲಾಯಿತು. ಬೆಳಿಗ್ಗೆ ಶಟಲ್ ಆಡುವಾಗ ಒಬ್ಬರ ಪರಿಚಯವಾಗಿದೆ. ಆಟ ಮುಗಿದ ಮೇಲೆ ಇಬ್ಬರೂ ಚಹಾ ಕುಡಿಯುತ್ತೇವೆ. ಮಾತು ಕ್ರಿಕೆಟ್, ಆಫೀಸು, ಮಳೆ, ಅಷ್ಟೇ. ಗೆಳೆತನ ಇನ್ನೂ ಹತ್ತಿರದ್ದಾಗಲಿ ಅಂತ ನನಗೆ ಆಸೆ. ಹೋದ ವಾರ ಅಪ್ಪನಿಗೆ ಸ್ಟ್ರೋಕ್ ಆದದ್ದು, ನೋಡಿಕೊಳ್ಳುವ ವಿಷಯಕ್ಕೆ ತಮ್ಮನ ಜೊತೆ ಜಗಳವಾದದ್ದು, ನನಗೆ ರಾತ್ರಿ ನಿದ್ದೆ ಬಾರದಿರುವುದು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು "ಎಲ್ಲಾ ಸರಿ ಹೋಗ್ತದ ಬಿಡ್ರಿ ಸರ್" ಅಂದು ಸುಮ್ಮನಾದರು. ಮರುದಿನ ಚಹಾಕ್ಕೆ ನಿಲ್ಲಲಿಲ್ಲ. ಈಗ ಮತ್ತೆ ಕ್ರಿಕೆಟ್ಟೇ. ಕೆಡಿಸಿಕೊಂಡೆನಾ?

ಆಪ್ತಸಮಾಲೋಚಕಿ: ಕೆಟ್ಟಿಲ್ಲ ಸರ್. ಅವರು ಮತ್ತೆ ಚಹಾಕ್ಕೆ ನಿಲ್ಲುತ್ತಿದ್ದಾರಲ್ಲ, ಅದನ್ನು ಮೊದಲು ಗಮನಿಸಿ. ಒಂದು ದಿನ ನಿಲ್ಲದಿರುವುದಕ್ಕೆ ಮನೆಯಲ್ಲಿ ನೀರು ಬರುವ ದಿನವಾಗಿತ್ತು ಅನ್ನುವುದೂ ಕಾರಣ ಇರಬಹುದು.

ನೀವು ಹೇಳಿದ್ದರಲ್ಲಿ ತಪ್ಪಿಲ್ಲ, ಹೆಜ್ಜೆ ದೊಡ್ಡದಾಯಿತು. ಕ್ರಿಕೆಟ್ಟಿನಿಂದ ಅಣ್ಣತಮ್ಮಂದಿರ ಜಗಳಕ್ಕೆ ಬರುವ ನಡುವೆ ಎರಡು ಮೂರು ಮೆಟ್ಟಿಲುಗಳಿವೆ. ಮನೆಯ ಸಂಗತಿ ಬರೀ ಸಂಗತಿಯಾಗಿ ಹೇಳುವುದು ಒಂದು. ಅದರ ಬಗ್ಗೆ ನಿಮ್ಮ ಅಭಿಪ್ರಾಯ ಇನ್ನೊಂದು. ಅದರಿಂದ ನಿಮಗೆ ಏನು ಅನಿಸುತ್ತಿದೆ ಅನ್ನುವುದು ಮತ್ತೊಂದು. ನೋವು, ನಾಚಿಕೆ, ಯಾರ ಮೇಲಾದರೂ ಸಿಟ್ಟು, ಇವು ಅದರ ಕೆಳಗಿನವು. ಆಲ್ಟ್‌ಮನ್ ಮತ್ತು ಟೇಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1973ರಲ್ಲೇ ಇದನ್ನು ವಿವರಿಸಿದ್ದರು: ಮಾತು ಮೊದಲು ಹಲವು ವಿಷಯಗಳಿಗೆ ಹರಡುತ್ತದೆ, ಆಮೇಲೆ ನಿಧಾನವಾಗಿ ಆಳಕ್ಕಿಳಿಯುತ್ತದೆ. ನಿಮ್ಮದು ಹರಡದೇ ಇಳಿಯಿತು. ಎದುರಿನವರಿಗೆ ಉತ್ತರ ಕೊಡಲು ಕೈಗೆ ಏನೂ ಸಿಗದಿದ್ದಾಗ "ಎಲ್ಲಾ ಸರಿ ಹೋಗ್ತದ" ಬರುತ್ತದೆ. ಅದು ಉದಾಸೀನವೇ ಆಗಿರಬೇಕಿಲ್ಲ, ಬಹಳ ಸಲ ಗಾಬರಿ.

ಈಗ ಕ್ಷಮೆ ಕೇಳಲು ಹೋಗಬೇಡಿ. ಹಾಗೆ ಮಾಡಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರದೇ ಆಗುತ್ತದೆ. ಮುಂದಿನ ಚಹಾದಲ್ಲಿ ಹಗುರಾಗಿ ಒಂದು ಸಾಲು ಸಾಕು: "ಅಪ್ಪ ಈ ವಾರ ಕೋಲು ಹಿಡಿದು ಹಜಾರದವರೆಗೆ ನಡೆದರಂತೆ." ಇದ್ದದ್ದನ್ನು ಇದ್ದಂತೆ ಹೇಳಿ, ನಿಲ್ಲಿಸಿ. ತಮ್ಮನನ್ನು ಎಳೆದು ತರಬೇಡಿ. ಅವರು "ಹೌದ್ರಿ? ಛಲೋ ಆತು" ಅಂದು ಮ್ಯಾಚಿಗೆ ಹೋದರೆ ನೀವೂ ಹೋಗಿ. "ಯಾರು ನೋಡ್ಕೊಳ್ತಾರ್ರಿ?" ಅಂದರೆ ಅದು ಬಾಗಿಲು. ಆಗಲೂ ಎರಡು ಮಾತು ಹೇಳಿ, ತಿರುಗಿ ಕೇಳಿ: "ನಿಮ್ಮ ತಂದೆ ತಾಯಿ ಇಲ್ಲೇ ಇದ್ದಾರಾ, ಊರಲ್ಲಾ?"

ನನ್ನ ಅನುಭವದಲ್ಲಿ ಜನ ಹೇಳುವುದನ್ನು ಬೇಗ ಕಲಿಯುತ್ತಾರೆ, ತಿರುಗಿ ಕೇಳುವುದನ್ನು ಕಲಿಯುವುದಿಲ್ಲ. ಅವರು ತಮ್ಮ ತಾಯಿಯ ಮಂಡಿನೋವು ಹೇಳಿದರೆ ತಕ್ಷಣ "ನಮ್ಮಪ್ಪನಿಗೂ ಹಾಗೇ" ಅನ್ನಬೇಡಿ. ಅದರ ಮೇಲೆ ಇನ್ನೊಂದು ಪ್ರಶ್ನೆ ಹಾಕಿ. ನಾಲ್ಕು ದಿನ ಬಿಟ್ಟು "ಅಮ್ಮನ ಮಂಡಿ ಹೇಗಿದೆ?" ಅಂತ ನೀವಾಗಿ ವಿಚಾರಿಸಿ. ನಿಮ್ಮ ಎಷ್ಟೋ ಗುಟ್ಟುಗಳಿಗಿಂತ ಆ ಒಂದು ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ.

ಗೆಳೆತನ ಮುಂದೆ ಹೋಗುತ್ತಿದೆಯಾ ಅಂತ ತಿಳಿಯುವುದೂ ಇದರಿಂದಲೇ. ನೀವು ಹೇಳಿದ್ದನ್ನು ಅವರಾಗಿ ನೆನಪಿಟ್ಟು ಕೇಳುತ್ತಾರಾ? ಅಷ್ಟೇ ತೂಕದ್ದು ಏನಾದರೂ ಅವರಿಂದ ಬರುತ್ತದಾ? ಅದೇ ದಿನ ಬರಬೇಕಾಗಿಲ್ಲ, ಹದಿನೈದು ದಿನ ಬಿಟ್ಟೂ ಬರಬಹುದು. ಬಂದರೆ ಇನ್ನೊಂದು ಮೆಟ್ಟಿಲು. ಬರದಿದ್ದರೆ ಇದ್ದಲ್ಲೇ ಇರಿ.

ಧಾರವಾಡದ ಓದುಗ: ಇದೇನ್ರೀ, ದೋಸ್ತಿ ಮಾಡಾಕ ಇಷ್ಟು ಲೆಕ್ಕ ಹಾಕ್ತಾರೇನು? ಮನಸ್ಸಿನಾಗ ಇದ್ದದ್ದು ಹೇಳಿಬಿಡ್ರಿ. ಇರಾಂವ ಇರ್ತಾನ, ಹೋಗಾಂವ ಹೋಗ್ತಾನ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ: ನಿಧಾನ ಬೇಕಾಗಿಲ್ಲ ಅಂತ ಪ್ರಯೋಗವೇ ಇದೆಯಲ್ಲ ಮೇಡಂ. ಆರ್ಥರ್ ಆರನ್ ಅವರ 36 ಪ್ರಶ್ನೆಗಳು. ಅಪರಿಚಿತರಿಬ್ಬರು 45 ನಿಮಿಷ ಕೂತು ಉತ್ತರ ಕೊಟ್ಟರೆ ಹತ್ತಿರವಾಗುತ್ತಾರೆ. ಒಂದು ಭಾನುವಾರ ಮಾಡಿ ಮುಗಿಸಿ.

ಆಪ್ತಸಮಾಲೋಚಕಿ: ಪ್ರಯೋಗ ನಿಜ, 1997ರಲ್ಲಿ ಪ್ರಕಟವಾಯಿತು. ಆದರೆ ಅದೂ ಮೆಟ್ಟಿಲೇ ನೋಡಿ. ಪ್ರಶ್ನೆಗಳು ಹನ್ನೆರಡರ ಮೂರು ಕಂತು, ಹಗುರದಿಂದ ಭಾರಕ್ಕೆ. ಪ್ರತಿ ಪ್ರಶ್ನೆಗೂ ಇಬ್ಬರೂ ಉತ್ತರಿಸಬೇಕು, ಒಬ್ಬರೇ ಹೇಳಿ ಇನ್ನೊಬ್ಬರು ಕೇಳುವುದಲ್ಲ. ಮುಖ್ಯವಾಗಿ, ಇಬ್ಬರೂ ಒಪ್ಪಿ ಕೂತವರು. ಈ ಶಟಲ್ ಗೆಳೆಯರು ಯಾವುದಕ್ಕೂ ಒಪ್ಪಿ ಕೂತಿಲ್ಲ, ಪಾಪ ಚಹಾಕ್ಕೆ ಬಂದಿದ್ದಾರೆ. 45 ನಿಮಿಷದಲ್ಲಿ ಹುಟ್ಟುವುದು ಹತ್ತಿರ ಅನ್ನುವ ಭಾವನೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತುವ ನಂಬಿಕೆ ಅಷ್ಟರಲ್ಲಿ ಹುಟ್ಟುವುದಿಲ್ಲ.

ಧಾರವಾಡದ ಅಣ್ಣನ ಮಾತೂ ಪೂರ್ತಿ ಸುಳ್ಳಲ್ಲ. ಆಳದ ಮಾತು ಆಡಿದರೆ ಮುಜುಗರವಾಗುತ್ತದೆ ಅಂತ ನಾವು ಅಂದುಕೊಳ್ಳುವಷ್ಟು ಮುಜುಗರ ನಿಜಕ್ಕೂ ಆಗುವುದಿಲ್ಲ ಅಂತ ಸಂಶೋಧನೆಗಳಲ್ಲಿ ಕಂಡಿದೆ. ಹಾಗಂತ ಬಾಯಿಮುಚ್ಚಿ ಕೂರುವುದೂ ಬೇಡ.

ಮೈಸೂರಿನ ಗೃಹಿಣಿ: ನನ್ನ ಕಥೆ ಕೇಳಿ. ಪಕ್ಕದ ಮನೆಯವರು ಅಕ್ಕ ಅಕ್ಕ ಅಂತ ಹತ್ತಿರವಾದರು. ನಾದಿನಿ ಮನೆ ಬಿಟ್ಟು ಬಂದಿದ್ದನ್ನು ಹೇಳಿದೆ. ಎರಡೇ ದಿನದಲ್ಲಿ ಇಡೀ ಅಪಾರ್ಟ್‌ಮೆಂಟಿಗೆ ಗೊತ್ತಾಯಿತು. ಯಾರಿಗೂ ಏನೂ ಹೇಳಲೇಬಾರದು, ಅಷ್ಟೇ.

ಆಪ್ತಸಮಾಲೋಚಕಿ: ಬೇಜಾರಿನ ಸಂಗತಿ ಅಕ್ಕಾ. ಒಂದು ಮಾತು ಹೇಳಲಾ? ನಾದಿನಿಯ ವಿಷಯ ನಾದಿನಿಯದು. ನಮ್ಮದನ್ನು ಹೇಳಿ ಹಾಳಾದರೆ ನಮಗೊಬ್ಬರಿಗೆ ಪೆಟ್ಟು, ಮನೆಯವರದನ್ನು ಹೇಳಿದರೆ ಅವರಿಗೂ. ಶಟಲ್ ಸರ್‌ಗೂ ಇದೇ: ನಿದ್ದೆ ಬಾರದಿರುವುದು ನಿಮ್ಮದು, ಹೇಳಬಹುದು. ತಮ್ಮ ಏನಂದ ಅನ್ನುವುದು ಅರ್ಧ ತಮ್ಮನದು, ಅದು ಕೊನೆಯ ಮೆಟ್ಟಿಲಿಗಿರಲಿ. ಇನ್ನೂ ಒಂದು, ಎದುರಿನವರು ಬೇರೆಯವರ ಗುಟ್ಟನ್ನು ನಿಮ್ಮ ಮುಂದೆ ಸಲೀಸಾಗಿ ಹೇಳುತ್ತಾರಾ ನೋಡಿ. ಹೇಳುವವರಾದರೆ ನಿಮ್ಮದೂ ಅದೇ ದಾರಿಯಲ್ಲಿ ಹೋಗುತ್ತದೆ.

ದಾವಣಗೆರೆಯ ನಿವೃತ್ತ ಮೇಷ್ಟ್ರು: ಸ್ನೇಹದಲ್ಲಿ ದುಡ್ಡು ಮಾತ್ರ ತರಬೇಡಿ. ಅಪ್ಪನ ಆಸ್ಪತ್ರೆ ಖರ್ಚಿಗೆ ಅಂತ ಕೇಳಿದಿರೋ, ಮುಗೀತು.

ಪ್ರಶ್ನೆ ಕೇಳಿದವರು: ಸಾರ್, ನಾನು ಸಾಲ ಕೇಳಿಲ್ಲ! ಸಾಲ ಕೊಡುವುದೇ ನನ್ನ ಕೆಲಸ. ಮೇಡಂ, ಇದಕ್ಕೆಲ್ಲ ಎಷ್ಟು ಸಮಯ ಹಿಡಿಯುತ್ತದೆ? ಎರಡು ವರ್ಷಕ್ಕೆ ಮತ್ತೆ ವರ್ಗವಾಗಬಹುದು.

ಆಪ್ತಸಮಾಲೋಚಕಿ: ಜೆಫ್ರಿ ಹಾಲ್ ಎಂಬುವರು ಅಮೆರಿಕದಲ್ಲಿ ಮಾಡಿದ ಅಧ್ಯಯನವೊಂದು 2018ರಲ್ಲಿ ಬಂತು. ಆಪ್ತ ಗೆಳೆತನಕ್ಕೆ ಒಟ್ಟಿಗೆ ಕಳೆದ ಸಮಯ ಸುಮಾರು 200 ಗಂಟೆ ದಾಟಿರುತ್ತದೆ ಅಂತ ಅದರಲ್ಲಿದೆ. ಹುಬ್ಬಳ್ಳಿಗೆ ಅದನ್ನೇ ಅಳತೆಗೋಲು ಮಾಡಬೇಡಿ, ಆದರೂ ಲೆಕ್ಕ ಹಾಕಿ: ವಾರಕ್ಕೆ ಐದು ದಿನ, ದಿನಕ್ಕೆ ಕಾಲು ಗಂಟೆ ಚಹಾ ಅಂದರೆ 200 ಗಂಟೆಗೆ ಮೂರು ವರ್ಷ ಬೇಕು. ಹಾಗಾಗಿ ಮಾತಿನ ಆಳಕ್ಕಿಂತ ಮೊದಲು ಜಾಗ ಬದಲಿಸಿ. ಒಂದು ಭಾನುವಾರ ಉಣಕಲ್ ಕೆರೆ ಸುತ್ತಿ ಬನ್ನಿ, ದಾರಿಯಲ್ಲಿ ಗಿರಮಿಟ್, ಮಿರ್ಚಿ ಭಜಿ. ಪಕ್ಕಪಕ್ಕ ನಡೆಯುವಾಗ ಮುಖ ನೋಡಿ ಹೇಳಬೇಕಾಗಿಲ್ಲ, ಗಂಡಸರಿಗೆ ಅದು ಬಹಳ ಸುಲಭ.

ಧಾರವಾಡದ ಓದುಗ: ಗಿರಮಿಟ್ ತಿನ್ನಾಕ ಕರೀರಿ, ಬರಲಿಲ್ಲಂದ್ರ ನಾ ಬರ್ತೀನಿ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ: ಎದುರಿಗೆ ಹೇಳಲಾಗದ್ದನ್ನು ವಾಟ್ಸಾಪ್‌ನಲ್ಲಿ ಬರೆದರೆ ಸುಲಭ ಅಲ್ಲವಾ? ನಾನು ಹಾಗೇ ಮಾಡುವುದು.

ಆಪ್ತಸಮಾಲೋಚಕಿ: ಕೆಲವರಿಗೆ ಹೌದು. ನನಗೆ ಅಷ್ಟು ಒಪ್ಪಿಗೆಯಿಲ್ಲ. ಉದ್ದದ ಮೆಸೇಜಿನಲ್ಲಿ ನಡುವೆ ನಿಲ್ಲಿಸಲು ಬರುವುದಿಲ್ಲ, ಎದುರಿನವರ ಮುಖವೂ ಕಾಣುವುದಿಲ್ಲ. ಕಳಿಸಿದ ಮೇಲೆ ನೀಲಿ ಟಿಕ್ ನೋಡುತ್ತಾ ಕೂರುವುದು ಬೇರೆ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ: ನೀಲಿ ಟಿಕ್ ಆಫ್ ಮಾಡಬಹುದು ಮೇಡಂ.

ಪ್ರಶ್ನೆ ಕೇಳಿದವರು: ಇವತ್ತು ಅಪ್ಪ ನಡೆದ ವಿಷಯ ಹೇಳಿದೆ. "ಎಡಗೈ ಎತ್ತಾಕ ಬರ್ತದೇನ್ರಿ?" ಅಂತ ಕೇಳಿದರು. ಅವರ ಮಾವನಿಗೂ ಆಗಿತ್ತಂತೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು, ಎದ್ದು ಹೋದರು. ನಾಳೆ ಮಾವನ ಬಗ್ಗೆ ನಾನೇ ಕೇಳಲಾ, ಅವರು ಹೇಳುವವರೆಗೆ ಕಾಯಲಾ?

ಆಪ್ತಸಮಾಲೋಚಕಿ: ಕೇಳಿ. ಒಂದೇ ಪ್ರಶ್ನೆ.