ಊರಿಗೆ ಬಂದಾಗ ಮಗುವಿನ ಲಸಿಕೆ: ಕ್ಲಿನಿಕ್‌ನ ಟೋಕನ್ ಮುಂದಕ್ಕೆ ಹಾಕಿಸುವುದು

ರಜೆಗೆ ಕಾಸರಗೋಡಿಗೆ ಬಂದು, ಬುಕ್ ಮಾಡಿದ ಟೋಕನ್ ಬದಲಾಯಿಸಲು ಕ್ಲಿನಿಕ್‌ಗೆ ಏನಂತ ಹೇಳುವುದು ಅಂತ ಇಲ್ಲಿ ಕೇಳಿದ್ದರು. ನನ್ನ ತಂಗಿಯ ವಿಷಯವನ್ನೇ ಹೇಳುತ್ತೇನೆ, ಅದರಲ್ಲಿ ಎಲ್ಲ ಬಂತು.

ಅವಳ ಮಗುವಿಗೆ ಹದಿನೈದು ತಿಂಗಳು. ಗಲ್ಫ್‌ನಿಂದ ಹೊರಡುವ ಮುಂಚೆ ಜುಲೈ 12ಕ್ಕೆ ಎಂಎಂಆರ್ ಹಾಕಿಸಿದ್ದರು. ಆ ದಿನ ಅಲ್ಲಿ ಚಿಕನ್‌ಪಾಕ್ಸ್ ಲಸಿಕೆ ಸ್ಟಾಕ್ ಇರಲಿಲ್ಲ. ಊರಲ್ಲಿ ಹಾಕಿಸೋಣ ಅಂತ ಅಪ್ಪ ಕಾಸರಗೋಡು ಪೇಟೆಯ ಮಕ್ಕಳ ಡಾಕ್ಟರ ಹತ್ತಿರ ಆಗಸ್ಟ್ 6, ಬುಧವಾರಕ್ಕೆ ಟೋಕನ್ ತೆಗೆದಿಟ್ಟರು. ತೊಂದರೆ ಇದ್ದದ್ದು ಅಲ್ಲೇ. ಎಂಎಂಆರ್, ಚಿಕನ್‌ಪಾಕ್ಸ್ ಎರಡೂ ಜೀವಂತ ವೈರಸ್‌ನ ಲಸಿಕೆಗಳು, ವೈರಸ್ಸನ್ನು ದುರ್ಬಲ ಮಾಡಿ ಕೊಡುವಂಥವು. ಇಂಥವನ್ನು ಒಂದೇ ದಿನ ಕೊಡಬಹುದು. ಒಂದೇ ದಿನ ಆಗದಿದ್ದರೆ ನಡುವೆ ಕನಿಷ್ಠ 28 ದಿನ ಬೇಕು. ಮೊದಲನೆಯದಕ್ಕೆ ದೇಹ ಎಚ್ಚೆತ್ತಿರುವಾಗ ಎರಡನೆಯ ವೈರಸ್‌ಗೆ ಬೆಳೆಯಲು ಆಸ್ಪದ ಸಿಗದೆ ಲಸಿಕೆ ಸರಿಯಾಗಿ ಹಿಡಿಯದೆ ಹೋಗಬಹುದು. ಬೇಗ ಕೊಟ್ಟರೆ ಆ ಡೋಸ್ ಲೆಕ್ಕಕ್ಕಿಲ್ಲ, ಮತ್ತೆ ಹಾಕಿಸಬೇಕು. ಜುಲೈ 12ರಿಂದ 28 ದಿನ ಅಂದರೆ ಆಗಸ್ಟ್ 9. ಅಪ್ಪ ತೆಗೆದ ಟೋಕನ್ ಮೂರು ದಿನ ಮುಂಚೆ ಬೀಳುತ್ತಿತ್ತು.

ಇನ್ನು ದಿನ ಆರಿಸುವುದು. ಆ ಡಾಕ್ಟರು ಕೂರುವುದು ಸೋಮ, ಬುಧ, ಶುಕ್ರ ಮಾತ್ರ. ಶುಕ್ರವಾರ 15, ರಜೆ. ಭಾನುವಾರ 17ಕ್ಕೆ ಮಂಗಳೂರಿನಿಂದ ವಿಮಾನ. ಉಳಿದದ್ದು 11 ಮತ್ತು 13. ಫೋನ್ ಎತ್ತುವ ಮುಂಚೆ ಇಷ್ಟು ಲೆಕ್ಕ ಹಾಕಿಟ್ಟುಕೊಳ್ಳಬೇಕು. "ಯಾವಾಗಾದರೂ ಕೊಡಿ" ಅಂದರೆ ಕೊನೆಯ ಟೋಕನ್ ಸಿಗುತ್ತದೆ, ಒಂದೇ ದಿನ ಹೇಳಿದರೆ "ಫುಲ್" ಅಂತ ಫೋನ್ ಇಟ್ಟುಬಿಡುತ್ತಾರೆ. ಎರಡು ದಿನ ಹೇಳುವಾಗಲೂ ಒಂದು ಬೆಳಿಗ್ಗೆ, ಒಂದು ಸಂಜೆ ಇರಲಿ. ಸಂಜೆಯದ್ದು ತೀರಾ ತಡ ಆಗಬಾರದು. ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ, ಆಮೇಲೆ ಪೆರ್ಲದ ಬಸ್ಸು ಹಿಡಿಯಬೇಕಲ್ವಾ, ಅದೂ ಮಳೆಯಲ್ಲಿ.

ತಂಗಿ ರಿಸೆಪ್ಶನ್ ನಂಬರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ಇದು:

"ನಮಸ್ಕಾರ ಅಕ್ಕ. ಆಗಸ್ಟ್ 6, ಬುಧವಾರ ಬೆಳಿಗ್ಗೆ 11ಕ್ಕೆ ಮಗುವಿನ ಚಿಕನ್‌ಪಾಕ್ಸ್ ಲಸಿಕೆಗೆ ಅಪ್ಪನ ಹೆಸರಲ್ಲಿ ಟೋಕನ್ 14 ಇದೆ. ಮಗುವಿಗೆ ಜುಲೈ 12ಕ್ಕೆ ಎಂಎಂಆರ್ ಆಗಿದೆ, 28 ದಿನ ತುಂಬುವುದು 9ಕ್ಕೆ. ಹಾಗಾಗಿ ದಿನ ಬದಲಾಯಿಸಿ ಕೊಡಬಹುದಾ? ಸೋಮವಾರ 11, ಬೆಳಿಗ್ಗೆ 10:30 ಅಥವಾ ಬುಧವಾರ 13, ಸಂಜೆ 4:30, ಯಾವುದಾದರೂ ಆಗುತ್ತದೆ. 17ಕ್ಕೆ ವಾಪಸ್ ಹೋಗುತ್ತೇವೆ. ಆ ದಿನಕ್ಕೆ ಲಸಿಕೆ ಸ್ಟಾಕ್ ಇರುತ್ತದಾ ಅಂತಲೂ ದಯವಿಟ್ಟು ಹೇಳಿ. ಕಾರ್ಡಿನ ಫೋಟೋ ಹಾಕಿದ್ದೇನೆ."

ಎದುರಿಗಿರುವವರು ಕನ್ನಡ ಓದುವವರಲ್ಲದಿದ್ದರೆ ಇದನ್ನೇ ವಾಯ್ಸ್ ಮೆಸೇಜ್ ಮಾಡಿ. ನಮ್ಮ ಕಡೆ ಕನ್ನಡ ಮಾತು ತಿಳಿಯುವವರು ಜಾಸ್ತಿ, ಓದುವವರು ಅಷ್ಟಿಲ್ಲ. ಸ್ಟಾಕ್ ಕೇಳುವುದನ್ನು ಮಾತ್ರ ಬಿಡಬೇಡಿ. ಕೆಲವು ಕ್ಲಿನಿಕ್‌ಗಳು ಈ ಲಸಿಕೆಯನ್ನು ಬೇಕಾದಷ್ಟೇ ತರಿಸಿಡುತ್ತವೆ. 6ಕ್ಕೆ ಅಂತ ತರಿಸಿದ್ದು ಬೇರೆ ಮಗುವಿಗೆ ಹೋದರೆ, 11ಕ್ಕೆ ಹೋಗಿ ಸುಮ್ನೆ ವಾಪಸ್ ಬರಬೇಕಾಗುತ್ತದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಮೂರು ದಿನ ತಾನೇ, ಪರವಾಗಿಲ್ಲ, 6ಕ್ಕೇ ಬನ್ನಿ." ಪಾಪ, ಒಳ್ಳೆಯ ಮನಸ್ಸಿಂದಲೇ ಹೇಳಿದ್ದು. ಆದರೆ ಅದು ಅವರು ಹೇಳುವ ಮಾತಲ್ಲ. ವಾದ ಮಾಡಿದರೆ ಇಬ್ಬರಿಗೂ ಬೇಜಾರು. ತಂಗಿ ಇಷ್ಟೇ ಬರೆದಳು: "ಆಯ್ತು ಅಕ್ಕ, ಕಾರ್ಡಿನ ಫೋಟೋ ಡಾಕ್ಟರಿಗೆ ಒಮ್ಮೆ ತೋರಿಸಿ, ಅವರು 6ಕ್ಕೆ ಅಂದರೆ 6ಕ್ಕೇ ಬರುತ್ತೇವೆ." ಡಾಕ್ಟರು ಜುಲೈ 12 ನೋಡಿ 11ಕ್ಕೇ ಬರಲು ಹೇಳಿದರಂತೆ. ಸೋಮವಾರ 10:30ಕ್ಕೆ ಹೊಸ ಟೋಕನ್ ಸಿಕ್ಕಿತು.

ಈ 28 ದಿನದ ಲೆಕ್ಕ ಎಲ್ಲ ಲಸಿಕೆಗೂ ಹಾಕಿಕೊಂಡು ಕೂರಬೇಡಿ. ಡಿಪಿಟಿ, ಹೆಪಟೈಟಿಸ್ ಬಿ, ಫ್ಲೂ ಇಂಜೆಕ್ಷನ್ ಇವೆಲ್ಲ ಜೀವಂತ ಲಸಿಕೆಗಳಲ್ಲ, ಎಂಎಂಆರ್ ಆಗಿ ಎರಡೇ ದಿನ ಆಗಿದ್ದರೂ ಕೊಡಬಹುದು. ಸಣ್ಣ ಶೀತ, ಮೂಗು ಸೋರುವುದು ಅಂತಲೂ ಟೋಕನ್ ಮುಂದೆ ಹಾಕುವುದು ಬೇಡ. ಜೋರು ಜ್ವರ ಇದ್ದರೆ ಮಾತ್ರ ಫೋನ್ ಮಾಡಿ ಕೇಳಿ. ಮತ್ತೆ, ಹೊಸ ಟೋಕನ್ ಸಿಕ್ಕ ಮೇಲೆ ಹಳೆಯದು ಕ್ಯಾನ್ಸಲ್ ಆಯ್ತಾ ಅಂತ ಒಂದು ಮಾತು ಕೇಳಿಬಿಡಿ. ಇಲ್ಲದಿದ್ದರೆ 6ರ ಬೆಳಿಗ್ಗೆ "14 ಎಲ್ಲಿ?" ಅಂತ ಅಪ್ಪನ ಫೋನಿಗೆ ಕರೆ ಬರುತ್ತದೆ.