ಪದಚರ್ಚೆ: ‘ನಿಮ್ಮ ಮುಂದಿಡುತ್ತೇನೆ’ ಎಂದು ಯಾವ ವಕೀಲರಾದರೂ ಹೇಳುತ್ತಾರಾ?

ವೀಣಾ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಇಪ್ಪತ್ತು ನಿಮಿಷದ ಒಂದು ನಾಟಕ ಬರೆಯುತ್ತಿದ್ದೇನೆ. ಇಡೀ ನಾಟಕ ಹಾವೇರಿಯ ಸಿವಿಲ್ ಕೋರ್ಟಿನಲ್ಲಿ ನಡೆಯುತ್ತದೆ. ಅಪ್ಪ 1996ರಲ್ಲಿ ತೀರಿಕೊಂಡಿದ್ದಾರೆ. ಅವರು ಸ್ವಂತ ದುಡಿಮೆಯಲ್ಲಿ ಕೊಂಡ ಆರು ಎಕರೆ ಹೊಲ ಬ್ಯಾಡಗಿ ತಾಲ್ಲೂಕಿನಲ್ಲಿದೆ. ಎಂಟು ವರ್ಷದ ಮೇಲೆ ಮಗಳು ಪಾಲು ಕೇಳಿ ದಾವೆ ಹಾಕುತ್ತಾಳೆ. ಆಗ ಅಣ್ಣ ಒಂದು ವಿಲ್ ತರುತ್ತಾನೆ. ಬಿಳಿ ಹಾಳೆ, ಕೈಬರಹ, 1995ರ ತಾರೀಕು. ಹೊಲವೆಲ್ಲ ಅವನಿಗೇ ಎಂದು ಅದರಲ್ಲಿದೆ. ವಿಲ್ ಬರೆದ ಮನುಷ್ಯ ಕಟಕಟೆಗೆ ಬರುತ್ತಾನೆ. ಮಗಳ ಪರ ವಕೀಲೆ ಎರಡನೇ ಸಾಲನ್ನು ಅವನಿಂದಲೇ ಓದಿಸುತ್ತಾಳೆ: ‘ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ’. ಹಾವೇರಿ ಜಿಲ್ಲೆ ಆದದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಬ್ಯಾಡಗಿ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ.

ಕಥೆ ಕೂತಿದೆ, ಮಾತು ಕೂತಿಲ್ಲ. ವಕೀಲೆಯ ಬಾಯಲ್ಲಿ ‘ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ನಿಮ್ಮ ಮುಂದಿಡುತ್ತೇನೆ’ ಎಂದು ಬರೆದೆ. ಜೋರಾಗಿ ಓದಿದರೆ ಕನ್ನಡ ಅಂತಲೇ ಅನಿಸುವುದಿಲ್ಲ. ಇದನ್ನು ನಿಜವಾಗಿ ಹೇಗೆ ಕೇಳುತ್ತಾರೆ? ಇನ್ನೊಂದು. ‘ಈ ಸಾಕ್ಷಿ ಸುಳ್ಳು’ ಎಂಬ ಮಾತಿದೆ. ನಟರು ‘ಸುಳ್ಳು ಯಾವುದು, ಆ ಮನುಷ್ಯನೋ ಆ ಕಾಗದವೋ’ ಎಂದು ಕೇಳಿದರು. ನನಗೂ ಗೊಂದಲ ಶುರುವಾಯಿತು.

ಮಂಜುನಾಥ, ಮೈಸೂರು:

ಇದು ಸುಲಭ. ಮನುಷ್ಯನಾದರೆ ಸಾಕ್ಷಿ, ವಸ್ತುವಾದರೆ ಸಾಕ್ಷ್ಯ. ಬೆರೆಸಬಾರದು. ‘ವಿಲ್’ ಇಂಗ್ಲಿಷ್ ಪದ, ‘ಉಯಿಲು’ ಎಂಬ ಅಚ್ಚಗನ್ನಡ ಪದ ಇರುವಾಗ ಅದೇಕೆ? ಪಾಟೀ ಸವಾಲು ಎಂದರೆ ಸವಾಲು ಹಾಕುವುದು. ಹಾಗಾಗಿ ವಕೀಲೆ ‘ನಿಮಗೆ ಸವಾಲು ಹಾಕುತ್ತೇನೆ’ ಎನ್ನಬಹುದು. ಜಡ್ಜ್ ಒಂದೆರಡು ಸಲ ಸುತ್ತಿಗೆ ಬಡಿದು ‘ಆರ್ಡರ್’ ಅಂದರೆ ದೃಶ್ಯಕ್ಕೆ ಕಳೆ ಬರುತ್ತದೆ.

ಶಿವಾನಂದ, ಧಾರವಾಡ:

ಮೂವತ್ತು ವರ್ಷ ಧಾರವಾಡ, ಹಾವೇರಿ ಕೋರ್ಟುಗಳಲ್ಲಿ ಸಿವಿಲ್ ಕೇಸು ನಡೆಸಿದ್ದೇನೆ. ಮಂಜುನಾಥ ಅವರೇ, ಸುತ್ತಿಗೆಯನ್ನು ನಾನು ಸಿನಿಮಾದಲ್ಲಿ ಮಾತ್ರ ನೋಡಿದ್ದೇನೆ. ಸಾಕ್ಷಿ, ಸಾಕ್ಷ್ಯ ಅಂತ ನೀವು ಮಾಡಿದ ಭಾಗ ತೀರ್ಪಿನ ಭಾಷೆಗೆ ಸರಿ. ಆದರೆ ಬಾಯಿಮಾತಿನಲ್ಲಿ ‘ಸಾಕ್ಷಿ ಹೇಳಿದ’ ಎನ್ನುತ್ತೇವೆ, ‘ಸಾಕ್ಷ್ಯ ಹೇಳಿದ’ ಎಂದು ಯಾರೂ ಅನ್ನುವುದಿಲ್ಲ. ಅಲ್ಲಿ ಸಾಕ್ಷಿ ಎಂದರೆ ಮನುಷ್ಯನಲ್ಲ, ಅವನು ಹೇಳಿದ ಮಾತು. ಕಾಗದಕ್ಕಂತೂ ನಾವು ಬಳಸುವುದು ‘ದಾಖಲೆ’. ವೀಣಾ ಅವರು ‘ಈ ದಾಖಲೆ ಸುಳ್ಳು’ ಎಂದು ಬರೆದರೆ ಗೊಂದಲ ಇಲ್ಲ. ಉಯಿಲು ಅಚ್ಚಗನ್ನಡವೂ ಅಲ್ಲ. ವಿಲ್ ಎಂಬುದೇ ಕನ್ನಡದ ಬಾಯಲ್ಲಿ ಹಾಗಾಗಿದೆ. ನಮ್ಮ ಕಡೆ ಹಳಬರು ‘ಮೃತ್ಯುಪತ್ರ’ ಎನ್ನುತ್ತಾರೆ, ಮರಾಠಿಯಲ್ಲೂ ಅದೇ ಪದ. ನಿಮ್ಮ ಕಡೆ ಮರಣಶಾಸನ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ‘ಮುಂದಿಡುತ್ತೇನೆ’ ಎಂದು ನಾನು ಒಂದು ದಿನವೂ ಹೇಳಿಲ್ಲ, ಕೇಳಿಯೂ ಇಲ್ಲ. ನಾವು ಕೇಳುವುದು ಹೀಗೆ: ‘ಈ ಕಾಗದಾ ಆಮ್ಯಾಲೆ ಹುಟ್ಟಿಸಿದ್ದು ಅಂದ್ರ ಸರಿ ಏನ್ರಿ?’ ಸಾಕ್ಷಿ ‘ಸರಿ ಅಲ್ರಿ’ ಅನ್ನುತ್ತಾನೆ. ಜಡ್ಜ್ ಅದನ್ನು ಟೈಪಿಸ್ಟ್‌ಗೆ ಹೇಳಿ ಬರೆಸುತ್ತಾರೆ: ‘ಸದರಿ ದಾಖಲೆಯನ್ನು ನಂತರ ಸೃಷ್ಟಿಸಲಾಗಿದೆ ಎಂದರೆ ಸರಿಯಲ್ಲ.’ ಪ್ರಶ್ನೆ, ಉತ್ತರ ಎರಡೂ ಕೂಡಿ ಸಾಕ್ಷಿಯೇ ಹೇಳಿದ ಒಂದು ವಾಕ್ಯ ಆಗಿಬಿಡುತ್ತದೆ. ನಮ್ಮ ಕಡತಗಳಲ್ಲಿ ಇಂಥ ಸಾಲುಗಳು ಪುಟಗಟ್ಟಲೆ ಇರುತ್ತವೆ. ಎಲ್ಲ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’. ಕನ್ನಡದಲ್ಲಿ ಬೇರೆಲ್ಲೂ ಇಷ್ಟು ಸಲ ಬಾರದ ವಾಕ್ಯ ಇದು. ನಾಟಕದಲ್ಲಿ ಇದನ್ನು ಯಾರೂ ಯಾಕೆ ಬಳಸುವುದಿಲ್ಲವೋ ಎಂದು ನನಗೆ ಯಾವಾಗಲೂ ಅನಿಸಿದೆ.

ಸವಾಲಿನ ಮಾತು. ಸವಾಲ್ ಅರಬ್ಬಿಯಿಂದ ಬಂದದ್ದು, ಅರ್ಥ ಪ್ರಶ್ನೆ. ಸವಾಲು-ಜವಾಬು ಅನ್ನುತ್ತೇವಲ್ಲ, ಆ ಸವಾಲು. ಹಾಗಾಗಿ ಪಾಟೀ ಸವಾಲಿನಲ್ಲಿ ಪಂಥ ಕಟ್ಟುವುದೇನೂ ಇಲ್ಲ.

ಇನ್ನು ದೃಶ್ಯ. ಸಿವಿಲ್ ಕೇಸಿನಲ್ಲಿ 2002ರಿಂದ ಮುಖ್ಯ ವಿಚಾರಣೆ ಪ್ರಮಾಣಪತ್ರದಲ್ಲೇ ಆಗುತ್ತದೆ. ಸಾಕ್ಷಿ ಅದನ್ನು ಸಲ್ಲಿಸಿದ ಮೇಲೆ ನೇರ ಪಾಟೀ ಸವಾಲು. ನಿಮಗೆ ಇದು ಅನುಕೂಲವೇ, ‘ನಿಮ್ಮ ಹೆಸರೇನು, ಊರು ಯಾವುದು’ ಎಂಬುದೆಲ್ಲ ಬೇಕಿಲ್ಲ. ಆದರೆ ಬರೆದವನೊಬ್ಬನೇ ಬಂದರೆ ವಿಲ್ ರುಜುವಾತಾಗುವುದಿಲ್ಲ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಬದುಕಿದ್ದರೆ ಅವರಲ್ಲಿ ಒಬ್ಬನಾದರೂ ಕೋರ್ಟಿಗೆ ಬರಬೇಕು. ‘ಸಹಿ ಹಾಕಿದವರು ನಿನ್ನೆ ಬಂದು ಹೋದರು’ ಎಂದು ಒಂದು ಮಾತು ಸೇರಿಸಿ.

ಕೊನೆಗೆ ಒಂದು ಕಿವಿಮಾತು. ನಿಮ್ಮ ವಕೀಲೆ ಎರಡನೇ ಸಾಲನ್ನು ಬಹಳ ಬೇಗ ಓದಿಸುತ್ತಾಳೆ. ಸಾಕ್ಷಿ ಜಾಣನಾದರೆ ‘ಜಿಲ್ಲಾ ಹೆಸರು ಆಮ್ಯಾಲೆ ಬರದೇವ್ರಿ’ ಎಂದು ತಪ್ಪಿಸಿಕೊಳ್ಳುತ್ತಾನೆ. ಮೊದಲು ಬಾಗಿಲುಗಳನ್ನೆಲ್ಲ ಮುಚ್ಚಬೇಕು. ಅಕ್ಷರ ನಿಮ್ಮದೇ? ಪೂರ್ತಿ? ಒಂದೇ ಸಲಕ್ಕೆ? ಆಮೇಲೆ ಏನೂ ಸೇರಿಸಿಲ್ಲ? ಇದಕ್ಕೆಲ್ಲ ಹೌದು ಅನಿಸಿಕೊಂಡು, ಅದು ದಾಖಲಾದ ಮೇಲೆ ಆ ಸಾಲು ಓದಿಸಿ. ಆಮೇಲೆ ‘ಹಾಗಾದರೆ ಹೇಗೆ ಬರೆದಿರಿ’ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಅವನಿಗೆ ಯೋಚಿಸಲು ಜಾಗ ಕೊಟ್ಟಂತೆ.

ಲಲಿತಾ, ಶಿರಸಿ:

ಬರೆದವನು ಎಂದು ಓದಿದ ಕೂಡಲೇ ಕೇಳಬೇಕು ಅನಿಸಿತು. ನಮ್ಮ ಮನೆಯ ಹಳೇ ಪಾಲುಪಟ್ಟಿಯ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ಮುಂದೆ ಒಬ್ಬರ ಹೆಸರಿದೆ. ನಾವು ಇಷ್ಟು ವರ್ಷ ಅದು ಅವರ ಅಡ್ಡಹೆಸರು ಎಂದುಕೊಂಡಿದ್ದೆವು. ಆ ಮನೆತನದವರು ಯಾರು ಎಂದು ಹುಡುಕಿದ್ದೂ ಹುಡುಕಿದ್ದೇ. ಪಾಲುಪಟ್ಟಿಗೆ ತಾರೀಕೂ ಇಲ್ಲ, ‘ಯುವ ಸಂವತ್ಸರ’ ಎಂದಷ್ಟೇ ಇದೆ. ಇಂಥದ್ದು ಕೋರ್ಟಿನಲ್ಲಿ ನಡೆಯುತ್ತದಾ?

ಶಿವಾನಂದ, ಧಾರವಾಡ:

ಲಲಿತಾ ಅವರೇ, ಬಿಕ್ಕಲಂ ಎಂದರೆ ಪತ್ರ ಬರೆದವರು. ಅದರಲ್ಲಿರುವ ಕಲಂ ಲೇಖನಿಯ ಕಲಮು. ಯುವ ಸಂವತ್ಸರ 1995ರ ಯುಗಾದಿಯಿಂದ 1996ರ ಯುಗಾದಿಯವರೆಗೆ. ಆದರೆ ಅದಕ್ಕೂ ಅರವತ್ತು ವರ್ಷ ಹಿಂದೆ 1935ರಲ್ಲೂ ಅದೇ ಹೆಸರು ಬಂದಿತ್ತು. ನಿಮ್ಮ ಹಾಳೆ ಯಾವ ಯುವದ್ದು ಎಂದು ಹೆಸರುಗಳನ್ನು ನೋಡಿ ನೀವೇ ತಿಳಿಯಬೇಕು. ನಡೆಯುತ್ತದೋ ಇಲ್ಲವೋ ಎಂದು ಪತ್ರ ನೋಡದೆ ಹೇಳಲಾರೆ.

ಮಂಜುನಾಥ, ಮೈಸೂರು:

ಸವಾಲು, ಉಯಿಲು ಎರಡನ್ನೂ ಒಪ್ಪಿದೆ. ಆದರೆ ನಾಟಕದ ಬುಡದಲ್ಲೇ ಒಂದು ಸಂಶಯ. ಹಾವೇರಿ ಜಿಲ್ಲೆ ಆಗಬೇಕು ಎಂದು ಜನ ಮೊದಲಿನಿಂದ ಕೇಳುತ್ತಿದ್ದರಲ್ಲ? ಅಭಿಮಾನಕ್ಕೆ ಯಾರಾದರೂ 1995ರಲ್ಲೇ ‘ಹಾವೇರಿ ಜಿಲ್ಲೆ’ ಎಂದು ಬರೆದಿರಬಹುದು. 1973ರಲ್ಲಿ ರಾಜ್ಯಕ್ಕೆ ಹೆಸರಿಡುವ ಮುಂಚೆಯೂ ಎಷ್ಟೋ ಜನ ‘ಕರ್ನಾಟಕ’ ಎಂದೇ ಬರೆಯುತ್ತಿದ್ದರು. ಒಂದು ಪದ ಹಿಡಿದು ಕಾಗದ ಸುಳ್ಳು ಎನ್ನಬಹುದಾ?

ಶಿವಾನಂದ, ಧಾರವಾಡ:

ಬಹಳ ಒಳ್ಳೆಯ ಪ್ರಶ್ನೆ. ಎದುರು ವಕೀಲರು ವಾದದಲ್ಲಿ ಇದನ್ನೇ ಹೇಳುತ್ತಾರೆ. ‘ಕರ್ನಾಟಕ’ ಎಂದಿದ್ದರೆ ನಾನು ನಿಮ್ಮ ಕಡೆಯೇ ಇರುತ್ತಿದ್ದೆ. ಆ ಹೆಸರು ಸಾವಿರ ವರ್ಷದಿಂದ ಇದೆ. ಜಿಲ್ಲೆಯ ವಿಷಯ ಹಾಗಲ್ಲ. ಹೊಲದ ಸರ್ವೆ ನಂಬರ್ ಬರೆಯುವವನು ಪಹಣಿ ನೋಡಿ ಬರೆಯುತ್ತಾನೆ, ಅವತ್ತಿನ ಪಹಣಿಯಲ್ಲಿ ಜಿಲ್ಲೆ ಧಾರವಾಡ.

ಆದರೂ ಈ ಒಂದೇ ಸಾಲಿನಿಂದ ವಿಲ್ ಬಿದ್ದೇ ಬೀಳುತ್ತದೆ ಎನ್ನಲಾರೆ. ಅದು ಸಂಶಯ ಹುಟ್ಟಿಸುತ್ತದೆ. ಸಂಶಯ ಹುಟ್ಟಿದ ಮೇಲೆ ಅದನ್ನು ಕಳೆಯುವ ಹೊಣೆ ವಿಲ್ ತಂದವನದು. ಇದನ್ನು ಸುಪ್ರೀಂ ಕೋರ್ಟ್ 1959ರಲ್ಲಿ ವೆಂಕಟಾಚಲ ಅಯ್ಯಂಗಾರ್, ತಿಮ್ಮಜಮ್ಮ ನಡುವಿನ ಕೇಸಿನಲ್ಲಿ ಹೇಳಿತು. ಅದು ನಿಮ್ಮ ಮೈಸೂರು ಕಡೆಯಿಂದ ಹೋದ ಕೇಸು. ಇವತ್ತಿಗೂ ವಿಲ್ ಕೇಸುಗಳಲ್ಲಿ ಅದನ್ನು ಓದುತ್ತೇವೆ.

ಜಿಲ್ಲೆ ಆದ ದಿನಕ್ಕೆ ವಕೀಲೆ ರಾಜ್ಯಪತ್ರದ ಪ್ರತಿ ಕೈಯಲ್ಲಿಟ್ಟುಕೊಂಡಿರಲಿ. ‘ಇದು ಪಟ್ಟಿಯಲ್ಲಿ ಇರಲಿಲ್ಲ’ ಎಂದು ಎದುರಿನವರು ತಕರಾರು ತೆಗೆಯಬಹುದು. ಎದುರು ಸಾಕ್ಷಿಯ ಪಾಟೀ ಸವಾಲಿಗೆಂದೇ ತಂದ ದಾಖಲೆಯನ್ನು ಮೊದಲೇ ಕೊಟ್ಟಿರಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಅದಕ್ಕೆ ದಾರಿ ಬಿಟ್ಟಿದೆ. ನಿಮ್ಮ ದಿಢೀರ್ ಪುರಾವೆಗೆ ಕಾನೂನಿನಲ್ಲೇ ಜಾಗ ಇದೆ.

ವೀಣಾ, ದಾವಣಗೆರೆ:

ನಿನ್ನೆ ರಾತ್ರಿ ಕೂತು ಮತ್ತೆ ಬರೆದೆ. ನೋಡಿ ಹೇಳಿ.

ವಕೀಲೆ: ನಿ.ಪಿ. 3 ನೋಡ್ರಿ. ಅಕ್ಷರ ನಿಮ್ದ ಏನ್ರಿ?
ಸಾಕ್ಷಿ: ನಂದ ರೀ.
ವಕೀಲೆ: ಮ್ಯಾಲಿಂದ ಕೆಳಗಿನ ತನಕಾ?
ಸಾಕ್ಷಿ: ಹೌದ್ರಿ. ಒಂದ ತಾಸಿನ್ಯಾಗ ಬರದು ಮುಗಿಸೀನಿ.
ವಕೀಲೆ: ಆಮ್ಯಾಲೆ ಒಂದ ಅಕ್ಷರಾನೂ ಕೂಡ್ಸಿಲ್ಲ ಅಂದ್ರ ಸರಿ ಏನ್ರಿ?
ಸಾಕ್ಷಿ: ಸರಿ ರೀ.
ಜಡ್ಜ್ (ಟೈಪಿಸ್ಟ್‌ಗೆ): ‘ಬರೆದ ನಂತರ ಏನನ್ನೂ ಸೇರಿಸಿಲ್ಲ ಎಂದರೆ ಸರಿ.’
ವಕೀಲೆ: ಎರಡನೇ ಸಾಲು ಓದ್ರಿ.
ಸಾಕ್ಷಿ: ‘ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ...’
ವಕೀಲೆ: ತಾರೀಖು?
ಸಾಕ್ಷಿ: 12 ಮೇ 1995.
(ಟೈಪಿನ ಸದ್ದು ನಿಲ್ಲುತ್ತದೆ. ವಕೀಲೆ ರಾಜ್ಯಪತ್ರವನ್ನು ಮೇಜಿನ ಮೇಲಿಡುತ್ತಾಳೆ.)
ವಕೀಲೆ: ಸಾಕ್ರಿ ಸಾಹೇಬ್ರ.

ಶಿವಾನಂದ, ಧಾರವಾಡ:

ಓದಿ ಮೈ ಜುಮ್ಮೆಂದಿತು. ಎರಡು ತಿದ್ದುಪಡಿ. ವಿಲ್ ತಂದವನು ಅಣ್ಣ, ಅವನು ಪ್ರತಿವಾದಿ. ಆದ್ದರಿಂದ ಅದು ನಿ.ಡಿ. 1 ಆಗಬೇಕು, ನಿ.ಪಿ. ವಾದಿಯ ದಾಖಲೆಗಳಿಗೆ. ಎರಡನೆಯದು, ನೀವು ಅಲ್ಲಿ ನಿಲ್ಲಿಸುವಂತಿಲ್ಲ. ‘ಹೇಗೆ ಬರೆದಿರಿ’ ಎಂದು ಕೇಳಬೇಡಿ ಅಂದೆ, ನಿಜ. ಆದರೆ ತನ್ನ ಕಕ್ಷಿದಾರಳ ವಾದವನ್ನು ಸಾಕ್ಷಿಗೆ ಕೇಳಿಯೇ ಮುಗಿಸಬೇಕು. ಕೇಳದಿದ್ದರೆ ‘ಅವನ ಮಾತನ್ನು ನೀವು ಅಲ್ಲಗಳೆಯಲೇ ಇಲ್ಲ’ ಎಂದು ಎದುರಿನವರು ಹಿಡಿದುಕೊಳ್ಳುತ್ತಾರೆ. ಅವನು ಇಲ್ಲ ಎಂದೇ ಅನ್ನುತ್ತಾನೆ, ಅನ್ನಲಿ.

ವೀಣಾ, ದಾವಣಗೆರೆ:

ಹಾಗಾದರೆ ಕೊನೆ ಹೀಗೆ.

ವಕೀಲೆ: ಈ ಕಾಗದಾ ಅವ್ರು ತೀರಿಕೊಂಡ ಮ್ಯಾಲೆ ಹುಟ್ಟಿಸಿದ್ದು ಅಂದ್ರ ಸರಿ ಏನ್ರಿ?
(ಸಾಕ್ಷಿ ಅಣ್ಣನ ಕಡೆ ನೋಡುತ್ತಾನೆ. ಅಣ್ಣ ನೆಲ ನೋಡುತ್ತಿದ್ದಾನೆ.)
ಸಾಕ್ಷಿ: ಸರಿ ಅಲ್ರಿ.
ಜಡ್ಜ್ (ನಿಧಾನಕ್ಕೆ): ‘...ಎಂದರೆ ಸರಿಯಲ್ಲ.’

ಇದೇ ಕೊನೆಯ ಮಾತು. ‘ಮೃತ್ಯುಪತ್ರ’ ಎಂಬ ಪದವನ್ನು ಸಾಕ್ಷಿಯ ಬಾಯಿಗೆ ಇಟ್ಟುಕೊಂಡೆ. ವಕೀಲೆ ವಿಲ್ ಎನ್ನುತ್ತಾಳೆ. ಒಂದೇ ಕಾಗದಕ್ಕೆ ಇಬ್ಬರೂ ಬೇರೆ ಬೇರೆ ಹೆಸರು ಹೇಳುವುದು ನನಗೆ ಹಿಡಿಸಿತು.

ಮಂಜುನಾಥ, ಮೈಸೂರು:

ಚೆನ್ನಾಗಿದೆ. ಸವಾಲು ಗೊತ್ತಾಯಿತು, ಆದರೆ ‘ಪಾಟೀ’ ಎಲ್ಲಿಂದ ಬಂತು? ಪಾರ್ಟಿ ಎಂಬುದೇ ಹಾಗಾಯಿತಾ, ಎದುರು ಪಾರ್ಟಿಯ ಸವಾಲು ಎಂದು? ಇಲ್ಲ ‘ಪಲಟಿ’ಯಾ, ತಿರುಗಿಸಿ ಕೇಳುವುದು ಎಂದು? ಮರಾಠಿಯ ‘ಉಲಟತಪಾಸಣಿ’ಯಲ್ಲೂ ತಿರುಗಿಸುವ ಅರ್ಥ ಇದೆಯಲ್ಲ.

ಶಿವಾನಂದ, ಧಾರವಾಡ:

ನನಗೆ ಪಲಟಿ ಹತ್ತಿರ ಅನಿಸುತ್ತದೆ. ಆದರೆ ಆಧಾರ ಕೇಳಿದರೆ ಕೊಡಲು ಕೈಯಲ್ಲಿ ಏನೂ ಇಲ್ಲ. 1950ಕ್ಕಿಂತ ಹಿಂದಿನ ಕನ್ನಡ ಕಡತ ಯಾರ ಮನೆಯಲ್ಲಾದರೂ ಇದ್ದರೆ ಆ ಪದವನ್ನು ಹೇಗೆ ಬರೆದಿದ್ದಾರೆ ಎಂದು ನೋಡಿ ತಿಳಿಸಿ. ಲಲಿತಾ ಅವರೇ, ನಿಮ್ಮ ಪೆಟ್ಟಿಗೆಯಲ್ಲಿ ಪಾಲುಪಟ್ಟಿ ಒಂದೇನಾ ಇರುವುದು?